ಮೊದಲ ಸಲ ಲೈನ್ ಹಿಡಿದವಳಿಗೆ ಅಂಕ ಹಾಕುವ ಮುನ್ನ

ನೋಡಪ್ಪಾ, ಆರು ತಿಂಗಳ ಹಿಂದಿನವರೆಗೂ ಕಾಲರ್ ಹಚ್ಚುತ್ತಿದ್ದ ಹೆಣ್ಣುಮಗಳು ಈಗ ನಿನ್ನ ಫ್ಲೋರಿನಲ್ಲಿ ಶರ್ಟ್ ಲೈನಿನ ಸೂಪರ್‌ವೈಸರ್. ಈ ವಾರ ಆಕೆಯ ಮೊದಲ ಅಪ್ರೈಸಲ್ ಫಾರಂ ನೀನು ತುಂಬಬೇಕು. ಕೆಲಸ ಹಂಚಿಕೊಡುವುದು, ಜಗಳ ನಿಭಾಯಿಸುವುದು, ತಂಡದ ಬೆನ್ನಿಗೆ ನಿಲ್ಲುವುದು ಎಂದು ಮೂರು ಕಲಂ, ಒಂದೊಂದಕ್ಕೂ 5 ಅಂಕ. "ಪ್ರೊಡಕ್ಷನ್ ಬರ್ತಿದೆ ಸಾರ್, ಗಲಾಟೆ ಏನಿಲ್ಲ, ಮೂರಕ್ಕೂ ನಾಲ್ಕು ಹಾಕಿಬಿಡ್ತೀನಿ" ಅಂದೆಯಲ್ಲ, ಅದು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಅಂಕ ಜಾಸ್ತಿಯಾಯಿತು ಅಂತಲ್ಲ. ನೀನು ಆಕೆಯ ಕೆಲಸವನ್ನು ನೋಡದೆಯೇ ಅಂಕ ಹಾಕುತ್ತಿದ್ದೀಯ ಅಂತ.

ಪ್ರೊಡಕ್ಷನ್ ಲೆಕ್ಕ ಸೂಪರ್‌ವೈಸರ್ ಹೇಗಿದ್ದಾಳೆ ಅನ್ನುವುದನ್ನು ಹೇಳುತ್ತದೆ, ಆದರೆ ಬಹಳ ತಡವಾಗಿ ಹೇಳುತ್ತದೆ. ಒಳ್ಳೆಯ ಟೈಲರ್‌ಗಳಿರುವ ಲೈನು, ಹಳೆಯ ಸ್ಟೈಲು, ರಜೆ ಕಡಿಮೆ ಇರುವ ತಿಂಗಳು ಸಿಕ್ಕಿದರೆ ಯಾರು ನಿಂತರೂ ಒಂದಿಷ್ಟು ದಿನ ಪೀಸ್ ಬರುತ್ತದೆ. ಕೆಟ್ಟ ಸ್ಟೈಲು, ಹೊಸ ಹೆಲ್ಪರ್‌ಗಳು, ತಡವಾಗಿ ಬರುವ ಕಟಿಂಗ್ ಸಿಕ್ಕಿದವಳು ಎಷ್ಟೇ ಚೆನ್ನಾಗಿ ನಡೆಸಿದರೂ ಬೋರ್ಡಿನ ಮೇಲೆ ಕಮ್ಮಿಯೇ ಕಾಣುತ್ತದೆ. ಫಾರಂನಲ್ಲಿ ಪ್ರೊಡಕ್ಷನ್ನಿಗೆ ಬೇರೆಯದೇ ಕಲಂ ಇದೆ. ಅದನ್ನು ಅಲ್ಲಿಗೇ ಬಿಡು. ಈ ಮೂರಕ್ಕೆ ಬೇರೆ ಸಾಕ್ಷಿ ಬೇಕು, ಮತ್ತು ಆ ಸಾಕ್ಷಿ ನಿನ್ನ ಫ್ಲೋರಿನಲ್ಲೇ ಬಿದ್ದಿದೆ: ಗಂಟೆ ಬೋರ್ಡು, ಚೆಕ್ಕರ್ ಹತ್ತಿರ ಇರುವ ಆಲ್ಟ್ರೇಷನ್ ಪುಸ್ತಕ, ರಜೆ ಪುಸ್ತಕ, ಯಾವ ಟೈಲರಿಗೆ ಯಾವ ಯಾವ ಆಪರೇಷನ್ ಬರುತ್ತದೆ ಅನ್ನುವ ಚಾರ್ಟು. ಇವುಗಳ ಜೊತೆಗೆ, ಬೇರೆ ಬೇರೆ ದಿನ ಒಂದೊಂದು ಗಂಟೆ ಲೈನಿನ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಲ್ಲುವ ನಿನ್ನ ಕಾಲು. ಒಂದು ಗಂಟೆ ಬೆಳಗ್ಗೆ ಶುರುವಿನಲ್ಲಿ, ಇನ್ನೊಂದು ಊಟದ ಮೇಲೆ ಟಾರ್ಗೆಟ್ ಒತ್ತಡ ಏರುವಾಗ ಇರಲಿ.

ಹೋದ ತಿಂಗಳು ನಿನ್ನ ಫ್ಲೋರಿಗೆ ಬಂದಾಗ ನಾನು ಹಾಗೇ ನಿಂತು ನೋಡಿದ್ದೇನೆ. ಕಂಡದ್ದನ್ನು ಹೇಳುತ್ತೇನೆ, ನೀನು ಮತ್ತೆ ಹೋಗಿ ಸರಿಯೋ ತಪ್ಪೋ ನೋಡು.

ಆಕೆಯ ಲೈನಿನಲ್ಲಿ 42 ಟೈಲರ್‌ಗಳು, ಗಂಟೆಗೆ 60 ಪೀಸ್ ಟಾರ್ಗೆಟ್. ಕಾಲರ್ ಅಟ್ಯಾಚ್ ಮಾಡುವ ಹುಡುಗಿಗೆ ಗಂಟೆಗೆ 50 ಬರುತ್ತದೆ, ಅದಕ್ಕಿಂತ ಮೇಲೆ ಏಳುವುದಿಲ್ಲ. ಅಲ್ಲಿಗೆ ಗಂಟೆಗೆ 10 ಪೀಸ್ ಹಿಂದೆ. ಹತ್ತು ಪೀಸಿನ ಒಂದು ಬಂಡಲ್ ಪ್ರತಿ ಗಂಟೆಗೂ ಆ ಮೆಷಿನ್ನಿನ ಪಕ್ಕ ಏರುತ್ತಾ ಹೋಗುತ್ತದೆ, ಎಂಟು ಗಂಟೆಗೆ 80 ಪೀಸ್. ಹಾಗಿದ್ದೂ ಲೈನಿನ ಕೊನೆಯಲ್ಲಿ 60 ಹೇಗೆ ಬರುತ್ತಿದೆ? ಸೂಪರ್‌ವೈಸರ್ ತಾನೇ ಪಕ್ಕದ ಖಾಲಿ ಮೆಷಿನ್ನಿಗೆ ಕೂತು ಆ ಬಂಡಲ್ ಮುಗಿಸುತ್ತಾಳೆ. ಅವಳ ಕೈ ನೀನೂ ಬಲ್ಲೆ, ಫ್ಯಾಕ್ಟರಿಗೇ ಒಳ್ಳೆಯ ಕಾಲರ್ ಕೈ ಅದು. ಹತ್ತು ಹನ್ನೆರಡು ನಿಮಿಷದಲ್ಲಿ ಬಂಡಲ್ ಮುಗಿಯುತ್ತದೆ. ಕೂರುವುದು, ಏಳುವುದು, ದಾರ ಸರಿ ಮಾಡುವುದು ಸೇರಿ ಗಂಟೆಗೆ ಕಾಲು ಗಂಟೆ, ದಿನಕ್ಕೆ ಎರಡು ಗಂಟೆ ಆಕೆ ತಲೆ ಬಗ್ಗಿಸಿ ಮೆಷಿನ್ ಮೇಲಿರುತ್ತಾಳೆ.

ನೀನು ಅದನ್ನು ನೋಡಿ "ಎಷ್ಟು ಕಷ್ಟಪಡ್ತಾಳೆ ನೋಡಿ ಸಾರ್" ಅಂದೆ. ಕಷ್ಟಪಡುವುದು ನಿಜ. ಆದರೆ ಆ ಎರಡು ಗಂಟೆಯಲ್ಲಿ ಮಿಕ್ಕ 41 ಮೆಷಿನ್ ಯಾರ ಕಣ್ಣಿನಲ್ಲಿದ್ದವು? ನಾನು ನಿಂತಿದ್ದ ದಿನವೇ ಕಫ್ ಮೇಲೆ ಟಾಪ್ ಸ್ಟಿಚ್ ಹಾಕುವ ಮೆಷಿನ್ನಿನಲ್ಲಿ ಸೂಜಿ ಮೊಂಡಾಗಿ ಒಂಬತ್ತೂವರೆಯ ಹೊತ್ತಿಗೆ ಹೊಲಿಗೆ ಸ್ಕಿಪ್ ಆಗತೊಡಗಿತ್ತು. ಲೈನಿನ ಒಂದು ಸುತ್ತು ಹಾಕಿ ಒಂದೊಂದು ಪೀಸ್ ಎತ್ತಿ ನೋಡಿದ್ದರೆ ಹತ್ತು ಗಂಟೆಯೊಳಗೆ ಸಿಗಬೇಕಿದ್ದ ವಿಷಯ. ಸಿಕ್ಕಿದ್ದು ಹನ್ನೊಂದಕ್ಕೆ, ಕೊನೆಯಲ್ಲಿ ಕೂತ ಚೆಕ್ಕರ್ ಕೈಯಲ್ಲಿ. ಅಷ್ಟರಲ್ಲಿ ಆ ಮೆಷಿನ್ ದಾಟಿದ್ದು ಹೆಚ್ಚುಕಡಿಮೆ 90 ಪೀಸ್. ಎಲ್ಲವನ್ನೂ ವಾಪಸ್ ತಂದು ನೋಡಿ, ಕೆಟ್ಟದ್ದನ್ನು ಬಿಚ್ಚಿ ಹೊಲಿಯಬೇಕಾಯಿತು. ಸೂಜಿ ಬದಲಿಸುವುದು ಎರಡು ನಿಮಿಷದ ಕೆಲಸ. ಹತ್ತು ಕಾಲರ್ ಉಳಿಸಲು ಹೋಗಿ ತೊಂಬತ್ತು ಕಫ್ ಕೈಬಿಟ್ಟಂತಾಯಿತು, ಮತ್ತು ಇದು ಯಾವ ಬೋರ್ಡಿನ ಮೇಲೂ ಆಕೆಯ ಹೆಸರಿನಲ್ಲಿ ಬರುವುದಿಲ್ಲ, ಆಲ್ಟ್ರೇಷನ್ ಅಂತ ಬರುತ್ತದೆ ಅಷ್ಟೇ.

ಹಾಗಂತ ಸೂಪರ್‌ವೈಸರ್ ಮೆಷಿನ್ ಮುಟ್ಟಿದ್ದೇ ತಪ್ಪು ಅಂತ ಬರೆಯಬೇಡ. ಹೊಸ ಸ್ಟೈಲ್ ಹತ್ತಿಸುವ ದಿನ ಆಕೆ ಕೂತು ಒಂದೆರಡು ಪೀಸ್ ಹೊಲಿದು ತೋರಿಸಲೇಬೇಕು. ಊರಹಬ್ಬದ ಮಾರನೆಯ ದಿನ ಮದ್ದೂರು, ಚನ್ನಪಟ್ಟಣದ ಕಡೆಯಿಂದ ಬರುವ ಬಸ್ಸು ಅರ್ಧ ಖಾಲಿ ಬಂದಿರುತ್ತದೆ, ಅವತ್ತು ಯಾರೇ ಆದರೂ ಕೂರುತ್ತಾರೆ. ನೀನು ನೋಡಬೇಕಾದ್ದು ಒಂದು ದಿನದ ಕಥೆಯನ್ನಲ್ಲ. ಒಂದೇ ಜಾಗದಲ್ಲಿ, ಒಂದೇ ಕಾರಣಕ್ಕೆ, ವಾರಗಟ್ಟಲೆ ಕೂರುತ್ತಿದ್ದಾಳೆಯೇ ಅನ್ನುವುದನ್ನು. ಕಾಲರ್ ಜಾಗ ಎರಡು ತಿಂಗಳಿಂದ ಹಾಗೇ ಇದೆ. ಎರಡು ತಿಂಗಳಲ್ಲಿ ಇನ್ನೊಬ್ಬಳಿಗೆ ಅರ್ಧ ಕಾಲರ್ ಕಲಿಸಬಹುದಿತ್ತು. ಹಿಂದಿನ ಯೋಕ್ ಹಚ್ಚುವ ಟೈಲರಿಗೆ ಆ ಕೆಲಸ ಬೇಗ ಮುಗಿದು ಕೈ ಖಾಲಿ ಇರುತ್ತದೆ, ಆಗಾಗ ನೀರು ಕುಡಿಯಲು ಎದ್ದು ಹೋಗುವುದನ್ನು ನಾನೇ ಕಂಡೆ. ದಿನಕ್ಕೆ ಅರ್ಧ ಗಂಟೆ ಅವಳನ್ನು ಕಾಲರಿಗೆ ಕೂರಿಸಿದ್ದರೆ ಇಷ್ಟು ಹೊತ್ತಿಗೆ ಗಂಟೆಗೆ ಒಂದು ಬಂಡಲ್ ಅವಳ ಕೈಯಲ್ಲೇ ಹೋಗುತ್ತಿತ್ತು.

ಆಕೆ ಯಾಕೆ ಕಲಿಸಲಿಲ್ಲ ಅನ್ನುವುದನ್ನು ಅವಳ ಬಾಯಿಂದಲೇ ಕೇಳು. ಇಂಥ ಹುಡುಗಿಯರ ಬಾಯಲ್ಲಿ ನಾನು ಹೆಚ್ಚಾಗಿ ಕೇಳಿರುವ ಉತ್ತರ ಎರಡು. ಒಂದು, "ಅವರು ಮಾಡಿದರೆ ಆಲ್ಟರ್ ಬರುತ್ತೆ, ಆಮೇಲೆ ಬೈಸಿಕೊಳ್ಳೋದು ನಾನೇ." ಇನ್ನೊಂದು ಹೊರಗೆ ಬರುವುದಿಲ್ಲ, ಕಣ್ಣಿನಲ್ಲಿರುತ್ತದೆ: ಮೆಷಿನ್ ಮೇಲೆ ಕೂತಾಗ ತಾನು ಗೆಲ್ಲುತ್ತೇನೆ, ಎದ್ದು ನಿಂತಾಗ ಏನು ಮಾಡಬೇಕೋ ತಿಳಿಯುವುದಿಲ್ಲ. ಮೊದಲನೆಯದಕ್ಕೆ ಮದ್ದು ನಿನ್ನ ಹತ್ತಿರ ಇದೆ, ಕಲಿಯುವ ಎರಡು ವಾರ ಗಂಟೆಗೆ ನಾಲ್ಕೈದು ಪೀಸ್ ಕಮ್ಮಿ ಬಂದರೂ ಬೈಯುವುದಿಲ್ಲ ಅಂತ ನೀನು ಬಾಯಿಬಿಟ್ಟು ಹೇಳಬೇಕು. ಎರಡನೆಯದಕ್ಕೆ ನಿಂತು ಮಾಡುವ ಕೆಲಸವನ್ನು ಹೇಳಿಕೊಡಬೇಕು. ಗಂಟೆಗೊಂದು ಸುತ್ತು, ಸುತ್ತಿನಲ್ಲಿ ಎಲ್ಲಿ ನಿಲ್ಲಬೇಕು, ಏನು ಎತ್ತಿ ನೋಡಬೇಕು ಅನ್ನುವುದನ್ನು ಒಂದು ವಾರ ಜೊತೆಗೆ ನಡೆದು ತೋರಿಸು.

ಕೆಲಸ ಒಪ್ಪಿಸಿದ್ದು ಸರಿಯಾಗಿ ಒಪ್ಪಿಸಿದ್ದೋ, ತಲೆಮೇಲೆ ಹಾಕಿದ್ದೋ ಎಂದು ತಿಳಿಯಲು ಆಕೆಯನ್ನು ಕೇಳಿ ಪ್ರಯೋಜನವಿಲ್ಲ, ಕೆಲಸ ಹೊತ್ತವರನ್ನು ಕೇಳು. ಗಂಟೆ ಬೋರ್ಡು ಬರೆಯುವುದನ್ನು ಆಕೆ ಒಬ್ಬ ಹೆಲ್ಪರಿಗೆ ಕೊಟ್ಟಿದ್ದಾಳೆ. ಒಳ್ಳೆಯದೇ. ಆದರೆ ನಾನು ಆ ಹುಡುಗನನ್ನು "ಲೆಕ್ಕ ಕಮ್ಮಿ ಬಂದರೆ ಏನು ಮಾಡ್ತೀಯಪ್ಪ?" ಅಂದಾಗ "ಬರೀತೀನಿ ಸಾರ್" ಅಂದ. ಎಷ್ಟು ಕಮ್ಮಿಯಾದರೆ ಕೂಗಬೇಕು, ಯಾರನ್ನು ಕೂಗಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ದಾರ ತರಲು ಹುಡುಗಿಯೊಬ್ಬಳನ್ನು ಸ್ಟೋರಿಗೆ ಕಳಿಸುತ್ತಾಳೆ, ಸಹಿ ಮಾಡಿದ ಚೀಟಿ ಇಲ್ಲದೆ. ಆ ಹುಡುಗಿ ಎರಡು ಸಲ ನಡೆದಾಡಿ ಸ್ಟೋರಿನವನ ಹತ್ತಿರ ಮಾತು ಕೇಳಿಸಿಕೊಂಡು ಬರುತ್ತಾಳೆ. ಅದೇ ಬಂಡಲ್ ಫೀಡಿಂಗ್ ಕೆಲಸವನ್ನು ವಯಸ್ಸಾದ ಹೆಲ್ಪರಮ್ಮನಿಗೆ ಕೊಟ್ಟಿರುವುದು ನೋಡು, ಅದು ಸರಿಯಾಗಿದೆ. ಎಷ್ಟು ಬಂಡಲ್, ಯಾವ ಸೈಜ್ ಮೊದಲು, ನಂಬರ್ ತಪ್ಪಿದರೆ ಲೈನಿಗೆ ಬಿಡದೆ ತಡೆಯುವ ಅಧಿಕಾರ, ಎಲ್ಲವೂ ಆಯಮ್ಮನಿಗೆ ಗೊತ್ತು, ಸೂಪರ್‌ವೈಸರ್ ದಿನಕ್ಕೆರಡು ಸಲ ಬಂದು ನೋಡಿಹೋಗುತ್ತಾಳೆ. ಅಂದರೆ ಹೇಗೆ ಒಪ್ಪಿಸಬೇಕು ಅನ್ನುವುದು ಆಕೆಗೆ ಗೊತ್ತಿದೆ. ಒಂದು ಕಡೆ ಮಾಡಿದ್ದಾಳೆ, ಬೇರೆ ಕಡೆ ಮಾಡಿಲ್ಲ. ಇದನ್ನು ಫಾರಂನಲ್ಲಿ ಬರೆ. "ಡೆಲಿಗೇಷನ್ ಸುಧಾರಿಸಬೇಕು" ಅಂತ ಬರೆದರೆ ಆಕೆಗೆ ಏನೂ ತಿಳಿಯುವುದಿಲ್ಲ. "ಫೀಡಿಂಗ್ ಒಪ್ಪಿಸಿದ ಹಾಗೆಯೇ ಬೋರ್ಡು, ದಾರ ಮತ್ತು ಕಾಲರ್ ಒಪ್ಪಿಸಬೇಕು" ಅಂತ ಬರೆದರೆ ನಾಳೆಯೇ ಶುರು ಮಾಡಬಹುದು.

ಈ ಕಲಂಗೆ ನಾನಾದರೆ 2 ಕೊಡುತ್ತೇನೆ.

ಜಗಳದ ವಿಷಯಕ್ಕೆ ಬಂದರೆ, "ಗಲಾಟೆ ಏನಿಲ್ಲ" ಅನ್ನುವ ನಿನ್ನ ಮಾತೇ ನನಗೆ ಅನುಮಾನ ಹುಟ್ಟಿಸಿದ್ದು. ನಲವತ್ತು ಜನ ಮೊಣಕೈಗೆ ಮೊಣಕೈ ತಾಗಿಸಿಕೊಂಡು, ಗಂಟೆ ಲೆಕ್ಕದ ಕೆಳಗೆ ಕೂತ ಕಡೆ ಜಗಳ ಇಲ್ಲದೆ ಇರುವುದಿಲ್ಲ. ಇಲ್ಲ ಅಂತ ಕಂಡರೆ ಎಲ್ಲಿಗೋ ಹೋಗಿದೆ ಅಂತ ಅರ್ಥ. ಸ್ಲೀವ್ ಹಚ್ಚುವವಳಿಗೂ ಸೈಡ್ ಸೀಮ್ ಹಾಕುವವಳಿಗೂ ಆದದ್ದು ನೆನಪಿದೆಯಲ್ಲ. ಸೈಡ್ ಸೀಮಿನವಳು "ನೀನು ಎಳೆದು ಹೊಲಿದು ಕಳಿಸ್ತೀಯ, ಕಂಕುಳ ಜಾಗದಲ್ಲಿ ಸೇರಲ್ಲ" ಅಂದಳು. ಇವಳು "ನಿನಗೆ ಹಿಡಿಯೋಕೆ ಬರಲ್ಲ" ಅಂದಳು. ಬಂಡಲ್ ಎಸೆಯುವವರೆಗೂ ಹೋಯಿತು. ಸೂಪರ್‌ವೈಸರ್ ಏನು ಮಾಡಿದಳು? ಸ್ಲೀವಿನವಳನ್ನು ಪಕ್ಕದ ಲೈನಿಗೆ ಕಳಿಸಿ ಅಲ್ಲಿಂದ ಒಬ್ಬಳನ್ನು ತಂದಳು. ಶಾಂತಿಯಾಯಿತು. ನೀನು ಮೆಚ್ಚಿಕೊಂಡೆ.

ಆಲ್ಟ್ರೇಷನ್ ಪುಸ್ತಕ ತೆಗೆದು ನೋಡು. ಆಳು ಬದಲಾದ ಮೇಲೂ ಕಂಕುಳ ಸೇರದಿರುವ ಪೀಸುಗಳು ಬರುತ್ತಲೇ ಇವೆ, ಅದೂ ಒಂದೇ ಸೈಜಿನಲ್ಲಿ. ನಾನು ಅಂಥ ಹತ್ತು ಪೀಸ್ ತೆಗೆದು, ಹೊಲಿಯದ ತುಂಡುಗಳನ್ನೂ ಟೇಪ್ ಹಿಡಿದು ನೋಡಿದೆ. ಸ್ಲೀವ್ ತುಂಡಿನ ನಾಚ್ ಅರ್ಧ ಸೆಂಟಿಮೀಟರ್ ಪಕ್ಕಕ್ಕೆ ಬಿದ್ದಿದೆ. ತಪ್ಪು ಕಟಿಂಗ್ ರೂಮಿನದ್ದು. ಆ ಸೈಜಿನ ಬಂಡಲ್ ಬಂದಾಗಲೆಲ್ಲ ಯಾರು ಕೂತಿದ್ದರೂ ಹಾಗೇ ಆಗುತ್ತದೆ. ಇಬ್ಬರೂ ಹೇಳಿದ್ದು ಅವರವರ ಮಟ್ಟಿಗೆ ನಿಜ, ಇಬ್ಬರ ಮೇಲೂ ಚೆಕ್ಕರ್ ರೇಗಿದ್ದಳು, ಇಬ್ಬರೂ ಒಬ್ಬರ ಮೇಲೊಬ್ಬರು ತೀರಿಸಿಕೊಂಡರು. ನಡುವೆ ಒಳ್ಳೆಯ ಟೈಲರೊಬ್ಬಳು ತನ್ನದಲ್ಲದ ತಪ್ಪಿಗೆ ಲೈನ್ ಬಿಟ್ಟುಹೋದಳು.

ಹಾಗಾದರೆ ಸರಿಯಾದ ದಾರಿ ಏನಿತ್ತು? ಮೊದಲು ಬಂಡಲ್ ಎಸೆದ ಬಿಸಿಯಲ್ಲಿ ಇಬ್ಬರನ್ನೂ ಎದುರೆದುರು ನಿಲ್ಲಿಸಿ ನ್ಯಾಯ ಕೇಳಬಾರದು, ನಲವತ್ತು ಜನ ನೋಡುವಾಗ ಯಾರೂ ಸೋಲುವುದಿಲ್ಲ. ಟೀ ಹೊತ್ತಿನಲ್ಲಿ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಪೂರ್ತಿ ಕೇಳಿಸಿಕೊಳ್ಳಬೇಕು. ಆಮೇಲೆ ಇಬ್ಬರನ್ನೂ ಮೆಷಿನ್ ಹತ್ತಿರ ನಿಲ್ಲಿಸಿ ಪೀಸ್ ಕೈಗೆ ಕೊಡಬೇಕು. ಮಾತು ಮನುಷ್ಯರಿಂದ ಬಟ್ಟೆಯ ಮೇಲೆ ಇಳಿಯುತ್ತದೆ. ಟೇಪ್ ಹಿಡಿದು ನೋಡಿ, ನಾಚ್ ತಪ್ಪಿದೆ ಎಂದು ಗೊತ್ತಾದ ಮೇಲೆ ಆಕೆ ಆ ಪೀಸ್ ಎತ್ತಿಕೊಂಡು ಕಟಿಂಗ್ ಇನ್‌ಚಾರ್ಜ್ ಹತ್ತಿರ ಹೋಗಬೇಕು. ಇಲ್ಲೇ ನಿನ್ನ ಪಾಲು ಬರುವುದು. ಕಟಿಂಗ್ ಇನ್‌ಚಾರ್ಜ್ ಹಳಬ, ಆಕೆ ನಿನ್ನೆ ಮೊನ್ನೆಯವರೆಗೂ ಟೈಲರ್. ಆಕೆಯ ಮಾತಿಗೆ ಅಲ್ಲಿ ತೂಕ ಇದೆಯೇ? ಇಲ್ಲದಿದ್ದರೆ ಆಕೆಗೆ ಸುಲಭವಾಗಿ ಕೈಗೆಟುಕುವುದು ಒಂದೇ, ತನ್ನ ಕೆಳಗಿರುವವರನ್ನು ಕದಲಿಸುವುದು. ಅಂಕ ಕಡಿಮೆ ಹಾಕುವ ಮೊದಲು ಇದನ್ನು ಕೇಳಿಕೋ.

ಇನ್ನೊಂದು ಜಗಳ ನಿನ್ನ ಕಣ್ಣಿಗೆ ಬಿದ್ದೇ ಇಲ್ಲ ಅನ್ನಿಸುತ್ತದೆ. ಲೈನಿನಲ್ಲಿ ಮೂರು ನಾಲ್ಕು ಜನ ಆಕೆಗಿಂತ ದೊಡ್ಡವರು, ಆಕೆ ಮೊದಲು "ಅಕ್ಕಾ" ಅಂತ ಕರೆಯುತ್ತಿದ್ದವರು, ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಂಡವರು. ಈಗ ಅವರಿಗೇ ಟಾರ್ಗೆಟ್ ಹೇಳಬೇಕು. ಆಕೆ ಅವರಿಗೆ ಏನೂ ಹೇಳುವುದಿಲ್ಲ, ಅವರ ಪಾಲಿನ ಕಮ್ಮಿಯನ್ನು ಚಿಕ್ಕ ಹುಡುಗಿಯರ ಮೇಲೆ ಹಾಕುತ್ತಾಳೆ. ಚಿಕ್ಕವರು ಗೊಣಗುತ್ತಾರೆ, ಜೋರಾಗಿ ಜಗಳ ಮಾಡುವುದಿಲ್ಲ, ರಜೆ ಹಾಕುತ್ತಾರೆ. ಹಾಜರಿ ಪುಸ್ತಕದಲ್ಲಿ ಯಾರ ರಜೆ ಹೆಚ್ಚಾಗಿದೆ ನೋಡು, ಈ ಜಗಳ ಅಲ್ಲಿ ಬರೆದಿದೆ. ಇದು ಮೊದಲ ಸಲ ಲೈನ್ ಹಿಡಿದ ಎಲ್ಲರಿಗೂ ಬರುವ ತೊಡಕು. ಆಕೆಯನ್ನು "ಅಂಜುಬುರುಕಿ" ಅಂತ ಬರೆಯಬೇಡ. ಹಿರಿಯ ಟೈಲರ್‌ಗಳ ಜೊತೆ ಲೆಕ್ಕದ ಮಾತು ಹೇಗೆ ಆಡಬೇಕು ಅಂತ ಹೇಳಿಕೊಡು. "ಅಕ್ಕಾ, ನಿಮ್ಮ ಜಾಗದಲ್ಲಿ ಗಂಟೆಗೆ ಏಳು ಕಮ್ಮಿ ಬರ್ತಿದೆ, ಮೆಷಿನ್ ತೊಂದರೆಯೋ, ಕೈನೋವೋ ಹೇಳಿ" ಅಂದರೆ ಗೌರವವೂ ಉಳಿಯಿತು, ಲೆಕ್ಕವೂ ಹೇಳಿದ ಹಾಗಾಯಿತು. ಅಕ್ಕ ಅನ್ನುವುದನ್ನು ಬಿಡಿಸಿ "ನೀನು ಈಗ ಸೂಪರ್‌ವೈಸರ್, ಗಟ್ಟಿಯಾಗಿ ಮಾತಾಡು" ಅಂತ ಮಾತ್ರ ಹೇಳಬೇಡ. ನಮ್ಮ ಫ್ಲೋರುಗಳಲ್ಲಿ ಗಟ್ಟಿ ಗಂಟಲಿಗೆ ಏನೂ ಕೊರತೆಯಿಲ್ಲ. ನೀನು ನಾಲ್ಕು ಗಂಟೆಗೆ ಆಕೆಯ ಮೇಲೆ ಕೂಗಿದ್ದು ನಾಲ್ಕೂ ಐದಕ್ಕೆ ಅದೇ ಪದಗಳಲ್ಲಿ ಲೈನಿನ ಮೇಲೆ ಬಿದ್ದದ್ದನ್ನು ನಾನು ಕೇಳಿಸಿಕೊಂಡೆ. ಆ ಐದು ನಿಮಿಷದ ಅಂಕ ಆಕೆಯ ಫಾರಂನಲ್ಲಿ ಹಾಕಬಾರದು.

ಒಂದು ಮಾತು ಇಲ್ಲಿ ಬಿಗಿಯಾಗಿ ಹೇಳಬೇಕು. ಮೆಕ್ಯಾನಿಕ್ಕೋ, ಇನ್ಯಾರೋ ಗಂಡಸು ಹುಡುಗಿಯೊಬ್ಬಳ ಜೊತೆ ಕೆಟ್ಟದಾಗಿ ನಡೆದುಕೊಂಡ ಅಂತ ದೂರು ಬಂದರೆ, ಅದನ್ನು "ಜಗಳ ನಿಭಾಯಿಸುವ" ಲೆಕ್ಕಕ್ಕೆ ಸೇರಿಸಬೇಡ. 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಲಿಖಿತ ದೂರು ಅಲ್ಲಿಗೇ ಹೋಗಬೇಕು, ಸಾಮಾನ್ಯವಾಗಿ ಘಟನೆ ನಡೆದ ಮೂರು ತಿಂಗಳೊಳಗೆ. ಸೂಪರ್‌ವೈಸರ್ ಇಬ್ಬರನ್ನೂ ಕರೆದು ಕ್ಷಮೆ ಕೇಳಿಸಿ ಮುಗಿಸಿದರೆ ನಿನಗೆ ಚಾಣಾಕ್ಷತನದಂತೆ ಕಂಡೀತು. ಆ ಹುಡುಗಿಗೆ ಸಿಗಬೇಕಾದ ದಾರಿಯನ್ನೇ ಅದು ಮುಚ್ಚಿಬಿಡುತ್ತದೆ. ಸಮಿತಿಯಲ್ಲಿ ಯಾರಿದ್ದಾರೆ, ಹುಡುಗಿಯನ್ನು ಅಲ್ಲಿಗೆ ಹೇಗೆ ಕರೆದೊಯ್ಯಬೇಕು ಎಂದು ಆಕೆಗೆ ಗೊತ್ತಿದೆಯೇ ಅಂತ ಕೇಳು. ಗೊತ್ತಿಲ್ಲದಿದ್ದರೆ ಅವತ್ತೇ ಹೇಳು, ಫಾರಂ ಆಮೇಲೆ ತುಂಬು.

ಜಗಳದ ಕಲಂಗೆ 3 ಸಾಕು. ಇಬ್ಬರನ್ನು ಬೇರೆ ಮಾಡಿದಳು, ಕೈ ಮಿಲಾಯಿಸುವುದು ತಪ್ಪಿತು, ಅದಕ್ಕೆ ಬೆಲೆ ಇದೆ. ಕಾರಣ ಹುಡುಕಲಿಲ್ಲ.

ಮೂರನೆಯದರಲ್ಲಿ ಆಕೆ ನನಗೆ ನಿಜಕ್ಕೂ ಇಷ್ಟವಾದಳು, ನೀನು ಮಾತ್ರ ಅದನ್ನು ಗಮನಿಸಿಲ್ಲ. ಒಂದು ಮಗುವಿನ ತಾಯಿ ಬಟನ್‌ಹೋಲ್ ಮೆಷಿನ್ನಿನಲ್ಲಿದ್ದಾಳೆ, ಹೆರಿಗೆ ರಜೆ ಮುಗಿಸಿ ಬಂದವಳು. ಮಧ್ಯಾಹ್ನ ಕೂಸುಮನೆಗೆ ಹೋಗಿ ಮಗುವಿಗೆ ಹಾಲು ಕೊಟ್ಟು ಬರುವ ಹೊತ್ತಿಗೆ ಆ ಮೆಷಿನ್ನಿಗೆ ಇನ್ನೊಬ್ಬಳು ಬಂದು ಕೂರುತ್ತಾಳೆ, ಯಾರೂ ಹೇಳಬೇಕಾಗಿಲ್ಲ. ಅದನ್ನು ಆಕೆ ಮೊದಲೇ ಏರ್ಪಾಟು ಮಾಡಿದ್ದಾಳೆ. ಟಾಯ್ಲೆಟ್ಟಿಗೆ ಹೋಗಬೇಕಾದವರು ಆಕೆಯ ಮುಖ ನೋಡುವುದಿಲ್ಲ, ಎದ್ದು ಹೋಗುತ್ತಾರೆ. ನೀರಿನ ಬಾಟಲಿಗಳು ತುಂಬಿರುತ್ತವೆ. ಇದು ಸಣ್ಣದು ಅಂದುಕೊಳ್ಳಬೇಡ. ಟಾಯ್ಲೆಟ್ಟಿಗೆ ಬಿಡುವುದಿಲ್ಲ ಅನ್ನುವ ಭಯಕ್ಕೆ ದಿನವಿಡೀ ನೀರು ಕುಡಿಯದೆ ಕೂತು ಉರಿಮೂತ್ರ ಹಚ್ಚಿಕೊಂಡ ಹೆಣ್ಣುಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಲೈನಿನಲ್ಲಿ ಖಾಲಿ ಬಾಟಲಿ ಕಂಡರೆ ಸೂಪರ್‌ವೈಸರ್ ಬಗ್ಗೆ ಏನೋ ತಿಳಿಯುತ್ತದೆ.

ಬೆನ್ನಿಗೆ ನಿಲ್ಲುವುದರಲ್ಲಿ ಮಾಹಿತಿಯೂ ಸೇರಿದೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬದಲಾಯಿತು ಅಂತ ಬೆಂಗಳೂರಿನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗೆ ಇಳಿದರಲ್ಲ, ಕೊನೆಗೆ ಕೇಂದ್ರ ಸರ್ಕಾರ ಆ ನಿಯಮವನ್ನೇ ಹಿಂತೆಗೆದುಕೊಂಡಿತು. ಆ ದಿನಗಳಲ್ಲಿ "ನಮ್ಮ ದುಡ್ಡು ಏನಾಗುತ್ತೆ ಸಾರ್?" ಅಂತ ಲೈನಿನಲ್ಲಿ ಕೇಳಿದರೆ ಉತ್ತರ ಹೇಳುವ ಸೂಪರ್‌ವೈಸರ್ ಸಿಗುವುದೇ ಅಪರೂಪವಾಗಿತ್ತು. ನಿನ್ನ ಹುಡುಗಿ ಇಎಸ್‌ಐ ಕಾರ್ಡಿನಲ್ಲಿ ಗಂಡನ ಹೆಸರು ಸೇರಿಸುವುದು ಹೇಗೆ ಅಂತ ಒಬ್ಬಳಿಗೆ ಹೇಳುತ್ತಿದ್ದಳು, ಗೊತ್ತಿಲ್ಲದ್ದನ್ನು ಎಚ್‌ಆರ್ ಹತ್ತಿರ ಕೇಳಿ ಮಾರನೆಯ ದಿನ ಬಂದು ಹೇಳಿದಳು. ಮಾರನೆಯ ದಿನ ಬಂದು ಹೇಳಿದ್ದು ದೊಡ್ಡದು.

ಕೊರತೆ ಎರಡಿವೆ. ರಜೆ ಪುಸ್ತಕ ಹರವಿ ನೋಡಿದರೆ ಕೇಳಿದ ರಜೆ ಸಿಕ್ಕಿರುವುದು ಹೆಚ್ಚಾಗಿ ಆಕೆಯ ಊರಿನ ಬಸ್ಸಿನವರಿಗೆ. ಬೇಕಂತ ಮಾಡಿದ್ದಲ್ಲ ಅಂತ ನನ್ನ ಅಂದಾಜು, ಬಸ್ಸಿನಲ್ಲಿ ಪಕ್ಕ ಕೂತವರು ಮೊದಲೇ ಹೇಳಿಕೊಳ್ಳುತ್ತಾರೆ, ಮಿಕ್ಕವರು ಬೆಳಗ್ಗೆ ಬಂದು ಕೇಳುತ್ತಾರೆ, ಅಷ್ಟು ಹೊತ್ತಿಗೆ ರಜೆ ಮುಗಿದಿರುತ್ತದೆ. ಕಾರಣ ಏನೇ ಇರಲಿ, ಲೈನಿನ ಕಣ್ಣಿಗೆ ಅದು ಪಕ್ಷಪಾತವೇ. ರಜೆ ಕೇಳುವವರು ಎರಡು ದಿನ ಮೊದಲು ಪುಸ್ತಕದಲ್ಲಿ ಬರೆಯಲಿ, ಬರೆದ ಸರದಿಯಲ್ಲಿ ಕೊಡಲಿ ಅಂದರೆ ಮುಗಿಯಿತು. ಆದರೆ ರಜೆ ಮಂಜೂರು ಮಾಡುವ ಸಹಿ ಆಕೆಯದ್ದೋ ನಿನ್ನದೋ ಮೊದಲು ತೀರ್ಮಾನ ಮಾಡು. ಸಹಿ ನಿನ್ನದಾದರೆ ಈ ತಪ್ಪಿನಲ್ಲಿ ಅರ್ಧ ನಿನ್ನದು. ಎರಡನೆಯದು, ಆಕೆ ಒಳ್ಳೆಯ ಟೈಲರ್‌ಗಳನ್ನು ಬಿಟ್ಟುಕೊಡುವುದಿಲ್ಲ. ಎರಡು ಮೂರು ಆಪರೇಷನ್ ಬಲ್ಲವಳೊಬ್ಬಳು ಫ್ಲೋಟರ್ ಆಗಲು ಅರ್ಜಿ ಕೊಟ್ಟರೆ "ಲೈನ್ ಬಿದ್ದುಹೋಗುತ್ತೆ" ಅಂತ ತಡೆದಿದ್ದಾಳೆ. ಫ್ಲೋಟರ್ ಆದರೆ ಆ ಹುಡುಗಿಗೆ ಗ್ರೇಡೂ ಏರುತ್ತದೆ, ಸಂಬಳವೂ ಏರುತ್ತದೆ. ಮತ್ತೆ ನೋಡು, ಇದು ಕಾಲರಿನ ಕಥೆಯೇ. ಎರಡನೆಯ ಕೈ ತಯಾರು ಮಾಡದೆ ಇದ್ದುದರಿಂದ ಮೊದಲನೆಯ ಕೈಯನ್ನು ಬಿಡಲಾಗುತ್ತಿಲ್ಲ.

ಇಲ್ಲಿಗೆ 4 ಹಾಕು, ಮನಸಾರೆ ಹಾಕು. ಮತ್ತು ಈ 2, 3, 4ನ್ನು ಕೂಡಿಸಿ ಸರಾಸರಿ ತೆಗೆದು ಎಚ್‌ಆರ್‌ಗೆ ಕಳಿಸಬೇಡ. ಸರಾಸರಿ 3 ಅಂದರೆ ಆಕೆ "ಪರವಾಗಿಲ್ಲ" ಅಂದ ಹಾಗೆ. ಆಕೆಯೋ ಒಂದು ವಿಷಯದಲ್ಲಿ ನಿನ್ನ ಫ್ಲೋರಿನ ಎಲ್ಲರಿಗಿಂತ ಮೇಲು, ಇನ್ನೊಂದರಲ್ಲಿ ಇನ್ನೂ ಟೈಲರ್.

ಈಗ ಕೂತು ಮಾತಾಡುವ ವಿಷಯ. ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ಕರೆಯಬೇಡ, ಆಕೆಯ ಕಿವಿ ನಿನ್ನ ಕಡೆ, ಜೀವ ಬಸ್ಸಿನ ಕಡೆ ಇರುತ್ತದೆ. ಬೆಳಗ್ಗೆ ಹನ್ನೊಂದರ ಮೇಲೆ, ಪಕ್ಕದ ಲೈನಿನವರಿಗೆ ಆಕೆಯ ಲೈನು ನೋಡಿಕೊಳ್ಳಲು ಹೇಳಿ, ಮುಕ್ಕಾಲು ಗಂಟೆ ಬಿಡಿಸಿಕೋ. ಗಾಜಿನ ಕ್ಯಾಬಿನ್ನಿನಲ್ಲಿ ಬೇಡ, ಇಡೀ ಫ್ಲೋರು ಅವಳ ಮುಖ ನೋಡುತ್ತಿರುತ್ತದೆ. ಮೊದಲು ಅವಳೇ ಮಾತಾಡಲಿ. "ಹೇಗನ್ನಿಸ್ತಿದೆ?" ಅಂದರೆ "ಚೆನ್ನಾಗಿದೆ ಸಾರ್" ಅಂತಾಳೆ, ಮಾತು ಅಲ್ಲಿಗೇ ನಿಲ್ಲುತ್ತದೆ. "ಈ ಆರು ತಿಂಗಳಲ್ಲಿ ಯಾವ ದಿನ ಮನೆಗೆ ಹೋದ ಮೇಲೂ ತಲೆಯಲ್ಲಿ ಕೊರೀತಿತ್ತು?" ಅಂತ ಕೇಳು, ಆ ದಿನದ ಬಗ್ಗೆ ಹೇಳುತ್ತಾಳೆ. ಸ್ಲೀವಿನವಳನ್ನು ಕಳಿಸಿದ ದಿನವೇ ಇರಬಹುದು.

ಆಮೇಲೆ ನಿನ್ನ ಮಾತು. ಸ್ವಭಾವದ ಬಗ್ಗೆ ಒಂದು ಪದವೂ ಬೇಡ, ನಡೆದದ್ದನ್ನು ಹೇಳು. "ನಿನಗೆ ಯಾರ ಮೇಲೂ ನಂಬಿಕೆ ಇಲ್ಲ" ಅಂದರೆ ಅಳುತ್ತಾಳೆ ಅಥವಾ ಬಾಯಿ ಮುಚ್ಚುತ್ತಾಳೆ. "ದಿನಕ್ಕೆ ಎರಡು ಗಂಟೆ ಕಾಲರ್ ಮೆಷಿನ್ನಿನಲ್ಲಿರ್ತೀಯ, ಆ ಹೊತ್ತಿನಲ್ಲಿ ಕಫ್ ಸ್ಕಿಪ್ ಆಗಿ 90 ಪೀಸ್ ವಾಪಸ್ ತರಬೇಕಾಯ್ತು, ಇದಕ್ಕೆ ನಾವಿಬ್ಬರೂ ಏನು ಮಾಡೋಣ?" ಅಂದರೆ ಲೆಕ್ಕದ ಮಾತಾಯಿತು, ಆಕೆಗೆ ಲೆಕ್ಕ ಚೆನ್ನಾಗಿ ಬರುತ್ತದೆ. ನಾಚ್ ತಪ್ಪಿದ ಆ ಸ್ಲೀವ್ ತುಂಡನ್ನೂ ಮೇಜಿನ ಮೇಲೆ ಇಡು. ಕೂಸುಮನೆಯ ಏರ್ಪಾಟನ್ನು ಹೇಳಲು ಮರೆಯಬೇಡ, ಸಿಹಿಗೆ ಅಂತಲ್ಲ, ಅದೇ ಬುದ್ಧಿಯನ್ನು ಕಾಲರಿಗೂ ಬಳಸು ಅಂತ ತೋರಿಸಲು. ಮಗುವಿನ ತಾಯಿಯ ಮೆಷಿನ್ನಿಗೆ ಎರಡನೆಯ ಕೈ ಸಿದ್ಧ ಮಾಡಿದವಳಿಗೆ ಕಾಲರಿಗೆ ಮಾಡುವುದು ಹೊಸದಲ್ಲ.

ಮುಂದಿನ ಎಂಟು ವಾರಕ್ಕೆ ಮೂರೇ ಕೆಲಸ ಬರೆದುಕೊಳ್ಳಿ, ಹೆಚ್ಚು ಬೇಡ. ಆಕೆಯದ್ದು: ಯೋಕ್ ಹುಡುಗಿಗೆ ದಿನಕ್ಕೆ ಅರ್ಧ ಗಂಟೆ ಕಾಲರ್ ಕಲಿಸುವುದು, ಮೊದಲ ಐದು ಪೀಸ್ ತಾನೇ ನೋಡುವುದು, ಆರನೆಯ ವಾರದ ಹೊತ್ತಿಗೆ ಗಂಟೆಗೆ ಒಂದು ಬಂಡಲ್ ಆ ಹುಡುಗಿಯ ಕೈಗೆ ಬಿಡುವುದು. ನಿನ್ನದು: ಮೊದಲ ಎರಡು ವಾರ ಗಂಟೆ ಟಾರ್ಗೆಟ್ 56ಕ್ಕೆ ಇಳಿಸಿ ಬೋರ್ಡಿನ ಮೇಲೆ ನಿನ್ನ ಕೈಯಿಂದಲೇ ಬರೆಯುವುದು, ಮತ್ತು ಕಟಿಂಗ್ ಇನ್‌ಚಾರ್ಜ್ ಎದುರಿಗೆ "ಈ ಲೈನಿನ ದೂರು ಬಂದರೆ ನನ್ನ ದೂರು ಅಂತ ತಿಳ್ಕೊಳ್ಳಿ" ಅಂತ ಒಂದು ಸಲ ಹೇಳುವುದು. ನಿನ್ನ ಎರಡು ಆಗದಿದ್ದರೆ ಆಕೆಯದ್ದನ್ನು ಕೇಳುವ ಹಕ್ಕು ನಿನಗಿಲ್ಲ. ಆ ಸ್ಲೀವಿನವಳನ್ನು ವಾಪಸ್ ಕರೆಯುವ ಮಾತನ್ನು ಮಾತ್ರ ಆಕೆಯೇ ಎತ್ತಲಿ, ನೀನು ಆಜ್ಞೆ ಮಾಡಬೇಡ.

ಕಡೆಯದಾಗಿ ಫಾರಂ. ಅದು ಇಂಗ್ಲಿಷಿನಲ್ಲಿದೆ. ಆಕೆ ಹತ್ತನೇ ಕ್ಲಾಸು ಕನ್ನಡದಲ್ಲಿ ಓದಿದವಳು, ನೀನು ತೋರಿಸಿದ ಜಾಗಕ್ಕೆ ಸಹಿ ಹಾಕಿ ಎದ್ದು ಹೋಗುತ್ತಾಳೆ. ಟಿಪ್ಪಣಿಯ ಜಾಗದಲ್ಲಿ ಕನ್ನಡದಲ್ಲೇ ಬರೆ, ಎಚ್‌ಆರ್‌ನವರು ಕೇಳಿದರೆ ಕೆಳಗೆ ಇಂಗ್ಲಿಷಿನ ಎರಡು ಸಾಲು ಸೇರಿಸು. ಸಹಿಗೆ ಮೊದಲು ಆಕೆ ಪೂರ್ತಿ ಓದಲಿ, ಒಪ್ಪದ ಮಾತಿದ್ದರೆ ಪಕ್ಕದಲ್ಲಿ ಆಕೆಯ ಕೈಬರಹದಲ್ಲೇ ಬರೆಯಲಿ. ಒಂದು ಜೆರಾಕ್ಸ್ ತೆಗೆಸಿ ಆಕೆಯ ಕೈಗೆ ಕೊಡು, ಎಂಟು ವಾರದ ಮೇಲೆ ಅದನ್ನೇ ಮುಂದಿಟ್ಟುಕೊಂಡು ಕೂರಿ.